ಎರಡೂವರೆ

ನನ್ನ ಗಂಟಲು ದೊಡ್ಡದು. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗಿಯನ್ನು ಕರೆದರೆ ಅವಳ ಜೊತೆಗೆ ಕಾಂಪೌಂಡಿನ ಆಚೆ ಸೈಕಲ್ ಪಂಕ್ಚರ್ ಹಾಕುವವನೂ ತಲೆ ಎತ್ತುತ್ತಾನೆ. ಇಪ್ಪತ್ತೊಂದು ವರ್ಷದಿಂದ ಈ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೇನೆ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಮೈಕ್ ಮಿಸ್ ಅನ್ನುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಗೊತ್ತು, ಮತ್ತು ಒಳಗೊಳಗೇ ಜಂಬ. ಆ ಜಂಬ ಒಂದೇ ದಿನದಲ್ಲಿ, ಬೆಳಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರೊಳಗೆ, ಪೂರ್ತಿ ಇಳಿಯಿತು.

ಅವತ್ತು ಮೂರು ಗಂಟೆಗೆ ಪೋಷಕರ ಸಭೆ ಇತ್ತು. ಸಭೆ ಅಂದರೆ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಬೆಳಗ್ಗಿನಿಂದ ಸ್ಟಾಫ್ ರೂಮಿಗೂ ಆಟದ ಸಾಮಾನಿನ ಕೋಣೆಗೂ ನಾಲ್ಕು ಸಲ ಓಡಾಡಿದ್ದೆ, ಯಾವ ಕೆಲಸಕ್ಕೆ ಅಂತ ನನಗೇ ಗೊತ್ತಿರಲಿಲ್ಲ. ಐದನೇ ಸಲ ಸ್ಟಾಫ್ ರೂಮಿಗೆ ಬಂದಾಗ ಲೆಕ್ಕದ ಮೇಷ್ಟ್ರು ಪ್ರಿಂಟರಿನ ಮುಂದೆ ನಿಂತು, ಹೊರಗೆ ಬರುತ್ತಿದ್ದ ಕಾಗದಗಳನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಳ್ಳುತ್ತಿದ್ದರು.

ನಮ್ಮ ಶಾಲೆಯಲ್ಲಿ ವರ್ಷಕ್ಕೊಂದು ಸಲ ಎಲ್ಲ ಮಕ್ಕಳ ಎತ್ತರ, ತೂಕ ನೋಡುತ್ತೇವೆ. ಅಳೆಯುವುದು ನಾನು, ಬರೆದುಕೊಳ್ಳುವುದು ಲೆಕ್ಕದ ಮೇಷ್ಟ್ರು. ಈ ವರ್ಷ ಅವರು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಬಿಎಂಐ ತೆಗೆದಿದ್ದರು. ತೆಗೆಯುವುದು ಸುಲಭ. ಕೆ.ಜಿ.ಯ ತೂಕವನ್ನು ಮೀಟರಿನ ಎತ್ತರದಿಂದ ಒಮ್ಮೆ ಭಾಗಿಸಿ, ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ ಭಾಗಿಸಿದರೆ ಆಯಿತು. ಮೊದಲ ಸಲ ಮೇಷ್ಟ್ರು ದೊಡ್ಡವರ ಪಟ್ಟಿ ಹಿಡಿದು ಹೋಲಿಸಿ, ಅರ್ಧ ಶಾಲೆ ‘ಕಡಿಮೆ ತೂಕ’ ಅಂತ ಬಂದು, ಹೆಡ್‌ಮಿಸ್ ಗಾಬರಿಯಾಗಿ, ಆರೋಗ್ಯ ಕೇಂದ್ರದ ಡಾಕ್ಟರಮ್ಮ ಫೋನಿನಲ್ಲಿ ನಕ್ಕಿದ್ದರು. ಬೆಳೆಯುವ ಮಕ್ಕಳಿಗೆ ದೊಡ್ಡವರ ಗೆರೆ ಹಾಕಬಾರದು, ಅದೇ ವಯಸ್ಸಿನ ಹೆಣ್ಣುಮಕ್ಕಳ ಪಟ್ಟಿಯ ಜೊತೆ ಹೋಲಿಸಬೇಕು ಅಂತ ಹೇಳಿ ಸರಿಯಾದ ಪಟ್ಟಿ ಕಳಿಸಿದ್ದರು. ಮೇಷ್ಟ್ರು ಒಂದು ವಾರ ಕೂತು ಅದನ್ನು ಸರಿಮಾಡಿದರು. ಲೆಕ್ಕ ಈಗ ಸರಿಯಾಗಿತ್ತು. ಲೆಕ್ಕ ಸರಿಯಾಗಿದ್ದೇ ತೊಂದರೆಯಾಯಿತು ಅಂತ ಆಮೇಲೆ ಅನ್ನಿಸಿತು.

ಪ್ರಿಂಟರಿನಿಂದ ಬರುತ್ತಿದ್ದದ್ದು ಪೋಷಕರಿಗೆ ಕೊಡುವ ಪತ್ರಗಳು. ಮೇಲಿನದನ್ನು ಎತ್ತಿ ಓದಿದೆ. ‘ತಮ್ಮ ಮಗಳು ಅಧಿಕ ತೂಕದ ವರ್ಗದಲ್ಲಿದ್ದು, ಆಹಾರದಲ್ಲಿ ಹತೋಟಿ ಇಡತಕ್ಕದ್ದು.’ ಹೆಸರು ನೋಡಿದೆ. ನನ್ನ ಗುಂಡು.

ಗುಂಡು ಅಂದರೆ ಒಂಬತ್ತನೇ ಕ್ಲಾಸಿನ ಹುಡುಗಿ. ಗುಂಡು ಎಸೆತದಲ್ಲಿ ಎರಡು ವರ್ಷದಿಂದ ಅವಳನ್ನು ಸೋಲಿಸಿದವರಿಲ್ಲ, ಅದಕ್ಕೇ ಆ ಹೆಸರು. ಕೆಲವರು ಆ ಪದವನ್ನು ಇನ್ನೊಂದು ಅರ್ಥದಲ್ಲಿ ಆಡಿ ನಗುತ್ತಾರೆ. ಅವಳು ಅವರನ್ನು ಒಂದು ನೋಟ ನೋಡುತ್ತಾಳೆ, ಅವರು ಸುಮ್ಮನಾಗುತ್ತಾರೆ.

“ಮೇಷ್ಟ್ರೇ, ಇದೇನಿದು? ಇವಳಿಗೆ ಊಟ ಕಡಿಮೆ ಮಾಡು ಅಂತ ಬರೆದ್ರೆ ಮುಂದಿನ ತಿಂಗಳು ಗುಂಡು ಎಸೆಯೋರು ಯಾರು, ನೀವಾ?”

“ನಾನು ಬರೆದಿಲ್ಲ ಮೇಡಂ, ಪಟ್ಟಿ ಹೇಳ್ತಿದೆ. ನೂರ ಅರವತ್ತು ಸೆಂಟಿಮೀಟರು, ಅರವತ್ಮೂರು ಕೆ.ಜಿ. ಇಪ್ಪತ್ನಾಲ್ಕು ಪಾಯಿಂಟ್ ಆರು ಬರುತ್ತೆ. ಅವಳ ವಯಸ್ಸಿಗೆ ಅದು ಗೆರೆಯಿಂದ ಮೇಲೆ.”

“ಅದೆಲ್ಲ ಸ್ನಾಯು ರೀ. ಅವಳ ತೋಳು ನೋಡಿದೀರಾ?”

“ಸ್ನಾಯುಗೆ ಬೇರೆ ಕಾಲಂ ಇಲ್ಲ,” ಅಂದರು. ತಮಾಷೆ ಮಾಡಲಿಲ್ಲ. ಅವರಿಗೆ ತಮಾಷೆ ಬರುವುದಿಲ್ಲ.

ಸಿಟ್ಟು ನೆತ್ತಿಗೇರಿತು. ಹೋದ ವರ್ಷವೂ ಇವಳು ಹೀಗೇ ಗಟ್ಟಿಮುಟ್ಟಾಗಿದ್ದಳು, ಹೀಗೇ ಗೆದ್ದಳು ಅಂತ ಹೆಡ್‌ಮಿಸ್ ಮುಂದೆ ಸಾಬೀತು ಮಾಡೋಣ ಅಂತ ಹಳೆಯ ರಿಜಿಸ್ಟರ್ ತರಲು ಆಟದ ಸಾಮಾನಿನ ಕೋಣೆಗೆ ಆರನೇ ಸಲ ಹೋದೆ. ಬೀರು ತೆಗೆದೆ. ಚೆಂಡಿನ ಬಲೆ, ಸುಣ್ಣದ ಡಬ್ಬ, ಮುರಿದ ಸ್ಟಾಪ್‌ವಾಚು ಎಲ್ಲ ಸರಿಸಿ, ಹೋದ ವರ್ಷ ಎಂಟನೇ ಕ್ಲಾಸಿನಲ್ಲಿ ಬರೆದ ಪುಟ ಹುಡುಕಿದೆ. ಗುಂಡುವಿನ ಸಾಲು ಸಿಕ್ಕಿತು. ಬೆರಳು ಒಂದು ಸಾಲು ಕೆಳಗೆ ಜಾರಿತು.

ಎತ್ತರ ನೂರ ಐವತ್ತೆಂಟು. ತೂಕ ಅರವತ್ತೆರಡೂವರೆ.

ಇದು ಯಾರು ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಹೆಸರು ಓದಿದೆ. ಆ ಹೆಸರಿನಿಂದ ಅವಳನ್ನು ನಾನು ಎಂದೂ ಕರೆದಿರಲಿಲ್ಲ. ಇಡೀ ಕ್ಲಾಸು ಅವಳನ್ನು ‘ಎರಡೂವರೆ’ ಅನ್ನುತ್ತಿತ್ತು. ಪಿ.ಟಿ. ಪೀರಿಯಡ್ ಮುಗಿಯುವುದು ಎರಡೂವರೆಗೆ. ಆಟ ಅಂದರೆ ಆಗದ ಹುಡುಗಿ, ಬೆಲ್ ಯಾವಾಗ ಹೊಡೆಯುತ್ತೆ ಅಂತ ಕಾಯುತ್ತಾಳೆ, ಅದಕ್ಕೆ ಆ ಹೆಸರು ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಒಂದು ವರ್ಷ ಮೈದಾನದ ತುಂಬ ಕೇಳುವ ಹಾಗೆ ನಾನೂ ಹಾಗೇ ಕೂಗಿದ್ದೆ. ಏಯ್ ಎರಡೂವರೆ, ಓಡೇ. ಎರಡೂವರೆ, ಸಾಲಿಗೆ ಬಾರೇ. ಪ್ರೀತಿಯಿಂದಲೇ ಕೂಗಿದ್ದೆ.

ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು ಸ್ಟಾಫ್ ರೂಮಿಗೆ ಓಡಿದೆ. ಐವತ್ತು ದಾಟಿದವಳು ಕಾರಿಡಾರಿನಲ್ಲಿ ಓಡುವುದನ್ನು ನೋಡಿ ಎಂಟನೇ ಕ್ಲಾಸಿನವರು ಕಿಸಕ್ ಅಂದರು.

“ಮೇಷ್ಟ್ರೇ, ಆ ಹುಡುಗಿಗೆ ಎರಡೂವರೆ ಅಂತ ಯಾಕೆ ಹೆಸರು?”

ಅವರು ಕನ್ನಡಕ ತೆಗೆದರು. ಒರೆಸಿದರು. “ನಿಮಗೆ ಗೊತ್ತಿಲ್ವಾ ಮೇಡಂ?”

“ಗೊತ್ತಿದ್ರೆ ಯಾಕೆ ಕೇಳ್ಲಿ?”

“ನೀವೇ ಕೂಗಿದ್ರಲ್ಲ.”

ತಕ್ಕಡಿಯನ್ನು ಸಭೆ ನಡೆಸುವ ಹಾಲಿನ ಬಾಗಿಲ ಹತ್ತಿರ ಇಟ್ಟಿರುತ್ತೇವೆ, ಅಲ್ಲಿ ನೆಲ ಸಮ. ಮೇಷ್ಟ್ರ ಮೇಜು ಪ್ಲಗ್ಗಿನ ಹತ್ತಿರ, ಅವರಿಗೆ ಫ್ಯಾನ್ ಬೇಕು. ನಡುವೆ ಹತ್ತು ಹೆಜ್ಜೆ. ನಾನು ತಕ್ಕಡಿ ನೋಡಿ ಅಂಕಿ ಕೂಗುತ್ತೇನೆ, ಅವರು ಬರೆಯುತ್ತಾರೆ. ಇಪ್ಪತ್ತೊಂದು ವರ್ಷದಿಂದ ಹೀಗೇ. ಹೋದ ವರ್ಷ ಆ ಹುಡುಗಿಯ ಸರದಿ ಬಂದಾಗ ಮೇಷ್ಟ್ರಿಗೆ ಮೊದಲ ಸಲ ಕೇಳಲಿಲ್ಲವಂತೆ. ಇನ್ನೊಮ್ಮೆ ಹೇಳಿ ಅಂದರಂತೆ. ಆಗ ನಾನು ಒಂದೊಂದೇ ಅಕ್ಷರ ಬಿಡಿಸಿ, ಮೂರು ಕ್ಲಾಸಿನ ಸಾಲು ನಿಂತಿದ್ದ ಆ ಹಾಲಿನಲ್ಲಿ, ಅರವತ್ತೆರಡೂವರೆ ಅಂದೆನಂತೆ. ಹಿಂದಿನಿಂದ ಯಾರೋ ನಕ್ಕರಂತೆ. ನನಗೆ ಅದರಲ್ಲಿ ಒಂದೂ ನೆನಪಿಲ್ಲ. ಅವತ್ತು ಇನ್ನೂರು ಅಂಕಿ ಕೂಗಿದ್ದೆ, ಅದೂ ಒಂದು.

ಈ ವರ್ಷದ ಅಂಕಿ ನೋಡಬೇಕಿತ್ತು.

“ಈ ವರ್ಷ ಅವಳದ್ದು ಎಷ್ಟು?”

ಮೇಷ್ಟ್ರ ಮುಖ ಅರಳಿತು. “ಅವಳೇ ಫಸ್ಟು ಮೇಡಂ. ಎತ್ತರ ನೂರ ಅರವತ್ತೊಂದು, ತೂಕ ನಲವತ್ತೊಂಬತ್ತು. ಬಿಎಂಐ ಇಪ್ಪತ್ತೈದರಿಂದ ಹತ್ತೊಂಬತ್ತಕ್ಕೆ ಇಳಿದಿದೆ. ಅಧಿಕ ತೂಕದಿಂದ ನೇರ ನಾರ್ಮಲ್. ಹೆಡ್‌ಮಿಸ್ ಅವಳಿಗೆ ಇವತ್ತು ಸರ್ಟಿಫಿಕೇಟ್ ಕೊಡ್ತಾರೆ, ಎಲ್ಲರ ಮುಂದೆ.” ಪಕ್ಕದ ಕಡತದಿಂದ ದಪ್ಪ ಕಾಗದವೊಂದನ್ನು ಎಳೆದು ತೋರಿಸಿದರು. ಸುತ್ತ ಹೂಬಳ್ಳಿಯ ಅಂಚು. ‘ಅತ್ಯುತ್ತಮ ಆರೋಗ್ಯ ಸಾಧನೆ.’ ಯಾರ ಬಿಎಂಐ ಹೆಚ್ಚು ಇಳಿದಿದೆಯೋ ಅವರು ಮೊದಲು ಬರುವ ಹಾಗೆ ಇವರು ಪಟ್ಟಿ ಜೋಡಿಸಿದ್ದರು.

“ಮೇಷ್ಟ್ರೇ, ಹುಡುಗಿ ಮೂರು ಸೆಂಟಿಮೀಟರು ಬೆಳೆದಿದಾಳೆ.”

“ಹೌದು.”

“ಬೆಳೆಯೋ ಮಗು. ಮೈ ಬೆಳೀಬೇಕು, ಮೂಳೆ ತೂಕ ಬರ್ಬೇಕು. ಅದರ ಬದಲು ಹದಿಮೂರೂವರೆ ಕೆ.ಜಿ. ಹೋಗಿದೆ. ಅರವತ್ತೆರಡೂವರೆಯಲ್ಲಿ ಹದಿಮೂರೂವರೆ ಅಂದ್ರೆ ಶೇಕಡಾ ಎಷ್ಟು?”

ಲೆಕ್ಕ ಕೇಳಿದರೆ ಅವರು ಯೋಚಿಸುವುದಿಲ್ಲ, ಹೇಳಿಬಿಡುತ್ತಾರೆ. “ಇಪ್ಪತ್ತೊಂದು ಪಾಯಿಂಟ್ ಆರು.” ಹೇಳಿದ ಮೇಲೆ ಯೋಚಿಸಿದರು. “ಐದನೇ ಒಂದು ಭಾಗಕ್ಕಿಂತ ಹೆಚ್ಚು,” ಅಂದರು, ಮೆತ್ತಗೆ. ಸರ್ಟಿಫಿಕೇಟನ್ನು ಮಗುಚಿ ಮೇಜಿನ ಮೇಲಿಟ್ಟರು.

ಹೆಡ್‌ಮಿಸ್ ಕೋಣೆಯಲ್ಲಿ ನನಗೆ ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ. ಕೆಟ್ಟವರಲ್ಲ ಅವರು. ಶಾಲೆಗೆ ಒಳ್ಳೆಯ ಹೆಸರು ಬರಲಿ ಅನ್ನುವ ಆಸೆ ಅವರದು.

“ನಾರ್ಮಲ್ ಬಂದಿದೆಯಲ್ರೀ. ನಾರ್ಮಲ್ ಬಂದ ಮಗುನ ಹಿಡ್ಕೊಂಡು ಯಾಕೆ ಗಲಾಟೆ?”

“ಹತ್ತೊಂಬತ್ತು ಅನ್ನೋದು ಇವತ್ತು ಎಲ್ಲಿ ನಿಂತಿದಾಳೆ ಅಂತ ಹೇಳುತ್ತೆ ಮೇಡಂ. ಎಲ್ಲಿಂದ ಬಿದ್ದು ಅಲ್ಲಿಗೆ ಬಂದ್ಳು ಅಂತ ಹೇಳಲ್ಲ. ಮೆಟ್ಟಿಲ ಕೆಳಗೆ ನಿಂತ ಮಗು ಇಳಿದು ಬಂತಾ ಉರುಳಿ ಬಂತಾ, ಫೋಟೋ ನೋಡಿದ್ರೆ ಗೊತ್ತಾಗುತ್ತಾ?”

“ಪಥ್ಯ ಮಾಡಿರ್ಬಹುದು. ಆಟ ಆಡಿರ್ಬಹುದು.”

“ನನ್ನ ಪೀರಿಯಡಲ್ಲಿ ಅವಳು ಆಡಲ್ಲ. ಬಿಸಿಲಲ್ಲಿ ಸ್ವೆಟರ್ ಹಾಕ್ಕೊಂಡು ಗೋಡೆಗೆ ಒರಗಿ ಕೂರ್ತಾಳೆ.” ಹೇಳುತ್ತಿದ್ದ ಹಾಗೇ ನನಗೆ ತಿಳಿಯಿತು, ಇದನ್ನು ನಾನು ಎರಡು ತಿಂಗಳಿಂದ ನೋಡುತ್ತಿದ್ದೆ. ಸೋಮಾರಿ ಅಂದುಕೊಂಡಿದ್ದೆ.

“ಸಭೆಯ ಆಹ್ವಾನದ ಕಾರ್ಡಲ್ಲಿ ಅವಳ ಹೆಸರು ಹಾಕಿಸಿದೀನಿ,” ಅಂದರು ಹೆಡ್‌ಮಿಸ್. “ಅವಳ ತಾಯಿಗೆ ಫೋನ್ ಮಾಡಿ ಹೇಳಿದೀನಿ. ಮೊದಲು ಮಗುನ ನೋಡ್ಕೊಂಡು ಬನ್ನಿ. ಆಮೇಲೆ ಮಾತಾಡೋಣ.”

ಅವಳನ್ನು ಕ್ಲಾಸಿನಿಂದ ಕರೆಸಬಾರದು ಅನ್ನಿಸಿತು. ಕರೆಸಿದರೆ ಮೂವತ್ತು ಕಣ್ಣು ಹಿಂದೆ ಬರುತ್ತವೆ. ಊಟದ ಬೆಲ್ ಆಗುವವರೆಗೆ ಗಾಣದ ಎತ್ತಿನ ಹಾಗೆ ಕಾರಿಡಾರಿನಲ್ಲಿ ತಿರುಗಿದೆ. ಬೆಲ್ ಹೊಡೆಯಿತು. ಡಬ್ಬಿ ಹಿಡಿದು ಹುಡುಗಿಯರೆಲ್ಲ ಮರದ ಕೆಳಗೆ ಹೋದರು. ಅವಳು ಡಬ್ಬಿ ಹಿಡಿದು ಆಟದ ಸಾಮಾನಿನ ಕೋಣೆಯ ಹಿಂದಕ್ಕೆ ಹೋದಳು. ಹಿಂಬಾಲಿಸಿದೆ. ಅಲ್ಲಿ ಬೀದಿನಾಯಿಯೊಂದು ಆಗಲೇ ಬಾಲ ಆಡಿಸುತ್ತ ಕೂತಿತ್ತು. ಅದಕ್ಕೆ ಸಮಯ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ.

ನನ್ನನ್ನು ಕಂಡು ಡಬ್ಬಿ ಮುಚ್ಚಿದಳು. ‘ಏನೇ, ಕಡ್ಡಿ ಆಗಿದೀಯಲ್ಲೇ’ ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ದಪ್ಪ ಅಂತ ಕೂಗಿದ ಬಾಯಿ ಈಗ ಕಡ್ಡಿ ಅಂತ ಕೂಗಿದರೆ ಏನು ಬದಲಾಯಿತು?

“ಸ್ವಲ್ಪ ಒಳಗೆ ಬಾಮ್ಮ,” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಒಳಗೆ ಚಾಪೆಗಳ ರಾಶಿಯ ಮೇಲೆ ಕೂರಿಸಿದೆ. ಸೆಕೆಗೆ ನನ್ನ ರವಿಕೆ ಬೆನ್ನಿಗೆ ಅಂಟಿತ್ತು, ಅವಳು ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡಿದ್ದಳು. ಯೂನಿಫಾರಂ ಲಂಗದ ಪಕ್ಕದಲ್ಲಿ ಬಿಗಿ ಮಾಡಿದ ಹೊಲಿಗೆಯ ಗೆರೆ ಕಂಡಿತು. ಒಂದಲ್ಲ, ಮೂರು ಗೆರೆ, ಒಂದರ ಒಳಗೊಂದು.

“ಚಳಿ ಆಗುತ್ತಾ?”

“ಸ್ವಲ್ಪ ಮಿಸ್.”

“ಎದ್ದಾಗ ತಲೆ ಸುತ್ತುತ್ತಾ?”

ಹೌದು ಅಂತ ತಲೆ ಆಡಿಸಿದಳು. ನಾಡಿ ನೋಡ್ಲಾ ಅಂತ ಕೇಳಿದೆ. ಕೈ ಕೊಟ್ಟಳು. ಇಪ್ಪತ್ತೊಂದು ವರ್ಷದಲ್ಲಿ ಸಾವಿರ ನಾಡಿ ಹಿಡಿದಿದ್ದೇನೆ, ಓಡಿ ಬಂದವರದು, ಬಿದ್ದವರದು. ಪೂರ್ತಿ ಒಂದು ನಿಮಿಷ ಎಣಿಸಿದೆ. ನಲವತ್ತೇಳು. ತಪ್ಪಿರಬೇಕು ಅಂತ ಮತ್ತೊಂದು ನಿಮಿಷ ಎಣಿಸಿದೆ. ನಲವತ್ತೇಳೇ. ದಿನಾ ಹತ್ತು ಮೈಲಿ ಓಡುವವರ ನಾಡಿ ಹೀಗೆ ನಿಧಾನ ಇರುತ್ತದೆ. ಇವಳು ಗೋಡೆಗೆ ಒರಗಿ ಕೂರುವವಳು. ತಿನ್ನಲು ಏನೂ ಸಿಗದ ಮೈ ಹೃದಯದ ಖರ್ಚನ್ನೂ ಕಡಿಮೆ ಮಾಡಿಕೊಂಡಿತ್ತು.

“ಮಿಸ್, ನಾನು ಈಗ ನಾರ್ಮಲ್ ಅಲ್ವಾ?” ಅಂದಳು. “ಸರ್ಟಿಫಿಕೇಟ್ ಕೊಡ್ತಾರಂತೆ.”

ಈ ಮಗುವಿನಿಂದ ಅದನ್ನು ಕಿತ್ತುಕೊಳ್ಳಬೇಕಿತ್ತು, ಇವತ್ತೇ, ಮೂರು ಗಂಟೆಯೊಳಗೆ. ಕೊಟ್ಟರೆ ನಾಳೆ ಇನ್ನೂ ಒಂದು ಕೆ.ಜಿ. ಇಳಿಸುತ್ತಾಳೆ. ಕಿತ್ತುಕೊಂಡರೆ ತಾನು ಇದರಲ್ಲೂ ಸೋತೆ ಅಂದುಕೊಳ್ಳುತ್ತಾಳೆ.

“ಅದೊಂದು ಅಂಕಿ ಕಣಮ್ಮ. ಅದಕ್ಕೆ ನಿನ್ನ ತಲೆ ಸುತ್ತೋದು ಗೊತ್ತಿಲ್ಲ, ಚಳಿ ಗೊತ್ತಿಲ್ಲ. ನನಗೆ ಈಗ ಗೊತ್ತಾಯ್ತು. ಡಾಕ್ಟರಿಗೆ ತೋರಿಸೋಣ. ನೀನೇನೂ ತಪ್ಪು ಮಾಡಿಲ್ಲ.” ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. “ತಪ್ಪು ಮಾಡಿದ್ದು ನಾನು. ಹೋದ ವರ್ಷ ಹಾಲಿನಲ್ಲಿ ಹಾಗೆ ಕೂಗಿದ್ದು ನಾನು.”

“ಗೊತ್ತು ಮಿಸ್,” ಅಂದಳು, ಮಾಮೂಲು ದನಿಯಲ್ಲಿ. “ಎಲ್ರಿಗೂ ಗೊತ್ತು. ನೀವೂ ಹಾಗೇ ಕರೀತಿದ್ರಲ್ಲ, ನಿಮಗೂ ಗೊತ್ತು ಅಂದ್ಕೊಂಡಿದ್ದೆ.”

ಅಂದರೆ ಒಂದು ವರ್ಷ ಈ ಮಗು ನನ್ನನ್ನು, ಬೇಕೆಂದೇ ಹಂಗಿಸುವವಳು ಅಂತ ನಂಬಿತ್ತು. ಅದನ್ನು ಕೇಳಿ ನಾನು ಅತ್ತೆ. ಮಕ್ಕಳ ಮುಂದೆ ಅಳಬಾರದು ಅಂತ ನನಗೂ ಗೊತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಡಾಕ್ಟರಮ್ಮ ಮೂರಕ್ಕೆ ಭಾಷಣ ಮಾಡಲು ಬರಬೇಕಿದ್ದವರು ಒಂದೂವರೆಗೇ ಬಂದರು. ಆರೋಗ್ಯ ಕೋಣೆಯ ಪರದೆ ಎಳೆದು, ಮಲಗಿಸಿ, ನಿಲ್ಲಿಸಿ ರಕ್ತದೊತ್ತಡ ನೋಡಿದರು. ತಾಯಿಯೂ ಬಂದರು. ಬಟ್ಟೆ ಹೊಲಿಯುವ ಹೆಂಗಸು, ಕೊರಳಿನ ಅಳತೆ ಟೇಪು ತೆಗೆಯಲೂ ಮರೆತು ಓಡಿ ಬಂದಿದ್ದರು. ಸರ್ಟಿಫಿಕೇಟಿನ ದಿನ ಅಂತ ಒಳ್ಳೆಯ ಸೀರೆ ಉಟ್ಟಿದ್ದರು.

“ಮುಟ್ಟು ಸರಿಯಾಗಿ ಆಗ್ತಿದೆಯಾ?” ಅಂತ ಡಾಕ್ಟರಮ್ಮ ಕೇಳಿದಾಗ ತಾಯಿ ಮಗಳ ಮುಖ ನೋಡಿದರು. ಐದು ತಿಂಗಳಿಂದ ನಿಂತಿದೆಯಂತೆ. ಪರೀಕ್ಷೆಯ ಭಯಕ್ಕೆ ಅಂದುಕೊಂಡಿದ್ದರಂತೆ.

ನಾಡಿ ಇಷ್ಟು ನಿಧಾನ ಇದ್ದರೆ ಕಾಯುವುದು ಬೇಡ, ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ನಾನೇ ಜೊತೆಗೆ ಬರ್ತೀನಿ ಅಂದರು ಡಾಕ್ಟರಮ್ಮ. ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

“ಮೂರು ಸಲ ಲಂಗ ಹಿಡಿದು ಬಿಗಿ ಮಾಡಿದೆ ಮಿಸ್,” ಅಂದರು ನನಗೆ. “ಮೊದಲನೇ ಸಲ ಎರಡು ಇಂಚು. ಆಮೇಲೆ ಒಂದೂವರೆ. ಆಮೇಲೆ ಮತ್ತೆ ಎರಡು. ಊರಿಗೆಲ್ಲ ಅಳತೆ ತೆಗೆಯೋಳು ನಾನು. ನನ್ನ ಕೈಯಲ್ಲೇ ಮಗು ಕರಗ್ತಿತ್ತು. ನಾನು ಖುಷಿಯಿಂದ ಹೊಲಿದೆ. ನೋಡಿದೋರೆಲ್ಲ ಎಷ್ಟು ಚೆನ್ನಾಗಿ ಆಗಿದಾಳೆ ಅಂತಿದ್ರು.”

“ನಾವೂ ಅದನ್ನೇ ಪ್ರಿಂಟ್ ಮಾಡಿಸಿದ್ವಿ ಅಮ್ಮಾ,” ಅಂದೆ. ಅವರ ಕೈ ಹಿಡಿದುಕೊಂಡೆ. ಬಾಗಿಲ ಹೊರಗೆ ಹೆಡ್‌ಮಿಸ್ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಮ್ಮ ಕೋಣೆಗೆ ಹೋದರು. ಐದು ನಿಮಿಷದ ಮೇಲೆ ಜವಾನ ಬಂದು, ಸರ್ಟಿಫಿಕೇಟು, ಪತ್ರ ಎಲ್ಲ ಹೆಡ್‌ಮಿಸ್ ಬೀರುವಿನೊಳಗೆ ಇಟ್ಟು ಬೀಗ ಹಾಕಿದರು ಅಂತ ಹೇಳಿದ.

ಹೊರಡುವ ಮುಂಚೆ ಡಾಕ್ಟರಮ್ಮ ಭಾಷಣದ ಚೀಟಿಯನ್ನು ನನ್ನ ಕೈಗೆ ತುರುಕಿದರು. “ನೀವೇ ಮಾತಾಡಿ. ನನಗಿಂತ ಚೆನ್ನಾಗಿ ಕೇಳಿಸುತ್ತೆ.”

“ನಮ್ಮ ಗುಂಡು ವಿಷ್ಯ? ಅವಳದ್ದೆಲ್ಲ ಸ್ನಾಯು ಅಂತ ಹೇಳ್ಲಾ?”

“ಅದು ನಿಮಗೆ ಹೆಂಗೆ ಗೊತ್ತು?” ಅಂದರು ಜೀಪು ಹತ್ತುತ್ತ. “ಇರಬಹುದು. ಆದ್ರೆ ಆ ಅಂಕಿ ನೋಡಿ ಅವಳಿಗೆ ಕೊಬ್ಬು ಹೆಚ್ಚು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಅವಳನ್ನೂ ಒಂದ್ಸಲ ಕಳ್ಸಿ, ಬೇರೆಯವರ ಹಾಗೇ ನೋಡ್ತೀನಿ. ಪ್ರೀತಿ ಮಾಡ್ತೀರಿ ಅಂತ ತಪಾಸಣೆ ಬಿಡಿಸಬೇಡಿ.”

ಜೀಪು ಹೊರಟಿತು. ಚೀಟಿ ಹಿಡಿದು ವಾಪಸ್ ನಡೆದೆ.

ಮೂರು ಗಂಟೆಗೆ ಸಭೆಯ ಹಾಲ್ ಪೋಷಕರಿಂದ ತುಂಬಿತ್ತು. ಹೆಡ್‌ಮಿಸ್ ಮೈಕು ತೋರಿಸಿದರು, ಬೇಡ ಅಂದೆ. ಚೀಟಿ ಓದಲು ಹೋದೆ, ಅಕ್ಷರ ಕುಣಿದವು. ಮಡಚಿ ಇಟ್ಟೆ. ಒಂದು ಕಡೆ ನಿಂತು ಮಾತಾಡಲು ಆಗದೆ ವೇದಿಕೆಯ ಆ ತುದಿಗೂ ಈ ತುದಿಗೂ ನಡೆಯುತ್ತಲೇ ಮಾತಾಡಿದೆ.

“ನಿಮ್ಮ ಮಕ್ಕಳ ಬಿಎಂಐ ತೆಗೆದಿದ್ದೀವಿ. ಅದು ಏನು ಹೇಳುತ್ತೆ ಅಂದ್ರೆ, ಎತ್ತರಕ್ಕೆ ಹೋಲಿಸಿದ್ರೆ ತೂಕ ಎಷ್ಟು ಅಂತ. ಅಷ್ಟೇ. ಆ ತೂಕದಲ್ಲಿ ಮೂಳೆ ಎಷ್ಟು, ಸ್ನಾಯು ಎಷ್ಟು, ಕೊಬ್ಬು ಎಷ್ಟು, ನೀರು ಎಷ್ಟು ಅಂತ ಹೇಳಲ್ಲ. ಒಂದು ಕೆ.ಜಿ. ಸ್ನಾಯುನೂ ಒಂದು ಕೆ.ಜಿ. ಕೊಬ್ಬೂ ತಕ್ಕಡಿಗೆ ಒಂದೇ. ನಿಮ್ಮ ಮಗಳು ಏನು ತಿಂತಾಳೆ, ನಿದ್ದೆ ಮಾಡ್ತಾಳಾ, ನಗ್ತಾಳಾ, ಅದಕ್ಕೆ ಗೊತ್ತಿಲ್ಲ. ಇಬ್ಬರು ಮಕ್ಕಳಿಗೆ ಒಂದೇ ಅಂಕಿ ಬರಬಹುದು, ಒಬ್ಬಳು ಚೆನ್ನಾಗಿರ್ತಾಳೆ, ಇನ್ನೊಬ್ಬಳಿಗೆ ಹುಷಾರಿರಲ್ಲ.”

ಹಿಂದಿನ ಸಾಲಿನ ತಂದೆಯೊಬ್ಬರು ಎದ್ದರು. “ಹಾಗಾದ್ರೆ ಈ ಲೆಕ್ಕ ಯಾಕ್ರೀ ಬೇಕು? ಬಿಟ್ಬಿಡಿ.”

“ಬಿಡಬಾರದು ಸ್ವಾಮಿ. ಅದು ಜರಡಿ ಇದ್ದ ಹಾಗೆ. ನೂರಾರು ಮಕ್ಕಳಲ್ಲಿ ಯಾರನ್ನ ಡಾಕ್ಟರು ಒಂದ್ಸಲ ನೋಡಬೇಕು ಅಂತ ಬೇಗ ತೋರಿಸುತ್ತೆ. ಜರಡಿಯಲ್ಲಿ ಉಳಿದಿದ್ದೆಲ್ಲ ಕಲ್ಲಲ್ಲ, ಕೆಳಗೆ ಬಿದ್ದಿದ್ದೆಲ್ಲ ಚೊಕ್ಕಟವೂ ಅಲ್ಲ. ಕೈಯಾಡಿಸಿ ನೋಡ್ಬೇಕು. ಒಂದು ದಿನದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಮಗು ತನ್ನ ದಾರಿಯಲ್ಲೇ ಬೆಳೀತಿದೆಯಾ ಅನ್ನೋದು ಮುಖ್ಯ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಮೈ ತುಂಬಿಕೊಳ್ಳೋದು ಬೆಳವಣಿಗೆನೇ, ರೋಗ ಅಲ್ಲ. ದಿಢೀರ್ ಅಂತ ಮೇಲೆ ಹೋದ್ರೂ ಕೆಳಗೆ ಬಂದ್ರೂ ವಿಚಾರಿಸಬೇಕು. ಕೆಳಗೆ ಬಂದ್ರೆ ನಾವು ಚಪ್ಪಾಳೆ ತಟ್ತೀವಿ. ಇವತ್ತು ತಟ್ಟೋರಿದ್ವಿ.”

ಹೆಡ್‌ಮಿಸ್ ನೆಲ ನೋಡುತ್ತಿದ್ದರು. ಇದಾದ ಮೇಲೆ ನಾನು ಹೇಳಿದ್ದು ಚೀಟಿಯಲ್ಲಿ ಇರಲಿಲ್ಲ.

“ಇದೇ ಹಾಲಿನಲ್ಲಿ ಇಪ್ಪತ್ತೊಂದು ವರ್ಷ ನಿಮ್ಮ ಮಕ್ಕಳ ತೂಕನ ಕೂಗಿ ಹೇಳಿದೀನಿ. ನಿಮ್ಮಲ್ಲಿ ಕೆಲವರು ನನ್ನ ಸ್ಟೂಡೆಂಟ್ಸೇ, ನಿಮ್ಮದೂ ಕೂಗಿದೀನಿ. ಅದು ತಪ್ಪು. ಕ್ಷಮಿಸಿ. ಇನ್ಮೇಲೆ ಒಬ್ಬೊಬ್ಬರನ್ನೇ ಪರದೆ ಒಳಗೆ ನೋಡ್ತೀವಿ. ಮನೆಯಲ್ಲೂ ಮಕ್ಕಳ ಮೈ ಬಗ್ಗೆ ಹೆಸರಿಡಬೇಡಿ, ಹೊಗಳೋಕೂ ಇಡಬೇಡಿ.”

ಮೂರನೇ ಸಾಲಿನಲ್ಲಿ ಒಬ್ಬ ತಾಯಿ, ಹದಿನೈದು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದವಳು, ಸೆರಗನ್ನು ಮೈಸುತ್ತ ಎಳೆದುಕೊಂಡಳು. ಅವಳಿಗೆ ಏನೆಂದು ಕೂಗಿದ್ದೆ ಅಂತ ನೆನಪಾಗಲಿಲ್ಲ. ಅವಳಿಗೆ ನೆನಪಿತ್ತು.

ದೊಡ್ಡಾಸ್ಪತ್ರೆಯಲ್ಲಿ ಹುಡುಗಿ ಮೂರು ವಾರ ಇದ್ದಳು. ಆಮೇಲೆ ಒಂದು ತಿಂಗಳು ಮನೆಯಲ್ಲಿ. ಗುಂಡುವನ್ನೂ ಡಾಕ್ಟರಮ್ಮ ನೋಡಿದರು, ಎಲ್ಲ ಚೆನ್ನಾಗಿದೆ, ಊಟ ಕಡಿಮೆ ಮಾಡುವುದೇನೂ ಬೇಡ ಅಂದರು. ನಾನು ಉಸಿರು ಬಿಟ್ಟೆ, ಯಾರಿಗೂ ‘ನೋಡಿದ್ರಾ’ ಅನ್ನಲಿಲ್ಲ. ಲೆಕ್ಕದ ಮೇಷ್ಟ್ರು ಪಟ್ಟಿಯನ್ನು ಹೊಸದಾಗಿ ಜೋಡಿಸಿದರು. ಈಗ ಪ್ರತಿ ಹುಡುಗಿಯ ಹೆಸರಿನ ಮುಂದೆ ಅವಳ ಹಿಂದಿನ ವರ್ಷಗಳ ಅಂಕಿಗಳೂ ಇರುತ್ತವೆ. ಮೇಲೋ ಕೆಳಗೋ, ದಿಢೀರ್ ಹೋದ ಸಾಲು ಹಳದಿಯಾಗುತ್ತದೆ. ಆ ಪಟ್ಟಿಯನ್ನು ನಾವಿಬ್ಬರು, ಡಾಕ್ಟರಮ್ಮ ಬಿಟ್ಟರೆ ಬೇರೆ ಯಾರೂ ನೋಡುವುದಿಲ್ಲ.

ಹುಡುಗಿ ಶಾಲೆಗೆ ವಾಪಸ್ ಬಂದಳು. ವಾರಕ್ಕೊಮ್ಮೆ ತೂಕ ನೋಡಿ ಡಾಕ್ಟರಮ್ಮನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾರು ನೋಡಬೇಕು ಅಂತ ಅವಳನ್ನೇ ಕೇಳಿದರಂತೆ. ಅವಳು ನನ್ನ ಹೆಸರು ಹೇಳಿದಳಂತೆ. ಯಾಕೆ ಅಂತ ನಾನು ಕೇಳಿಲ್ಲ.

ಮೊದಲ ಸೋಮವಾರ ಆರೋಗ್ಯ ಕೋಣೆಯ ಪರದೆ ಎಳೆದೆ. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಅವಳು ತಕ್ಕಡಿಯ ಮೇಲೆ ಹಿಂದುಮುಂದಾಗಿ ನಿಂತಳು, ಬೆನ್ನು ಅಂಕಿಗೆ, ಮುಖ ನನಗೆ. ಲಂಗದ ಪಕ್ಕದ ಹೊಲಿಗೆಯನ್ನು ತಾಯಿ ಒಂದು ಗೆರೆ ಬಿಚ್ಚಿದ್ದರು. ಅಂಕಿ ಓಡಿತು, ತಡೆಯಿತು, ನಿಂತಿತು. ನೋಡಿದೆ. ಇಪ್ಪತ್ತೊಂದು ವರ್ಷದ ಅಭ್ಯಾಸ ಗಂಟಲಲ್ಲಿ ಎದ್ದು ನಿಂತಿತು, ಅದನ್ನು ಅಲ್ಲೇ ಹಿಡಿದೆ. ಚೀಟಿಯಲ್ಲಿ ಬರೆದು ಮಡಚಿದೆ.

“ಎಷ್ಟು ಬಂತು ಮಿಸ್?” ಅಂದಳು.

ಅವಳ ಹೆಸರು ಹಿಡಿದು ಕರೆದೆ. ಪೂರ್ತಿ ಹೆಸರು, ಹಾಜರಿ ಪುಸ್ತಕದಲ್ಲಿ ಇರುವುದು. ಪರದೆಯ ಆಚೆ ಇದ್ದವರಿಗೆ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ. ಅವಳು ಕತ್ತೆತ್ತಿ, ಇದು ಯಾರ ದನಿ ಅನ್ನುವ ಹಾಗೆ, ನನ್ನ ಬಾಯಿಯನ್ನೇ ನೋಡಿದಳು.

“ಚಪ್ಪಲಿ ಹಾಕ್ಕೋಮ್ಮ,” ಅಂದೆ. “ಊಟದ ಬೆಲ್ ಆಗುತ್ತೆ. ನನ್ನ ಡಬ್ಬಿನೂ ತಂದಿದೀನಿ.”